ಫಿಲ್ಟರಿಗಿಂತ ಬೈಕ್ ಓಡಾಟವೇ ದುಬಾರಿ

ಅಡುಗೆಮನೆ ಗೋಡೆಯ ಆರ್‌ಒ ನೀರಿನ ಯಂತ್ರಕ್ಕೆ ವಾರಂಟಿ ಮುಗಿಯುವ ಹೊತ್ತಿಗೆ ಸರಿಯಾಗಿ ಮನೆಗೊಂದು ಫೋನ್ ಬರುತ್ತದೆ. "ಮೇಡಂ, ಮುಂದಿನ ವಾರ ನಿಮ್ಮ ಮೆಷಿನ್ ವಾರಂಟಿ ಮುಗಿಯುತ್ತೆ. ಎಎಂಸಿ ಮಾಡಿಸ್ಕೊಂಡ್ರೆ ವರ್ಷಕ್ಕೆ ನಾಲ್ಕು ಸಾವಿರದ ನಾನೂರು, ಎಲ್ಲಾ ಸೇರಿ." ಈ ಕಡೆಯಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿ ಒಂದೇ: "ಎರಡು ಕ್ಯಾಂಡಲ್ ಬದಲಾಯಿಸೋದಕ್ಕೆ ಅಷ್ಟೊಂದಾ?" ಸ್ವಲ್ಪ ಚೌಕಾಸಿ ನಡೆದು ಮುನ್ನೂರೋ ನಾನೂರೋ ಇಳಿಯುತ್ತದೆ, ಅಥವಾ ಮಾತು ಅಲ್ಲಿಗೇ ನಿಲ್ಲುತ್ತದೆ. ನಾಲ್ಕು ಸಾವಿರದ ನಾನೂರು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. ಕೇಳಿದರೂ ಫೋನ್ ಮಾಡಿದ ಹುಡುಗಿಗೆ ಅದು ಗೊತ್ತಿರುವುದಿಲ್ಲ, ಅವಳ ಮುಂದಿರುವುದು ಒಂದು ದರಪಟ್ಟಿ ಅಷ್ಟೇ.

ವಾರ್ಷಿಕ ನಿರ್ವಹಣಾ ಒಪ್ಪಂದ, ಅಂದರೆ ಎಲ್ಲರ ಬಾಯಲ್ಲಿರುವ ಎಎಂಸಿ, ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಈ ಯಂತ್ರ ವರ್ಷಕ್ಕೆ ಎಷ್ಟು ಸಲ ಕೆಡುತ್ತದೆ? ಕೆಟ್ಟಾಗ ಒಬ್ಬ ಮನುಷ್ಯ ಆ ಮನೆಯವರೆಗೆ ಹೋಗಿಬರಲು ಎಷ್ಟು ಖರ್ಚು? ಬಿಡಿಭಾಗದ ಬೆಲೆ ಇವೆರಡರ ನಂತರ ಬರುತ್ತದೆ. ಗ್ರಾಹಕ ಬಿಡಿಭಾಗವನ್ನು ಮಾತ್ರ ನೋಡುವುದರಿಂದ ಅವನಿಗೆ ದರ ಯಾವಾಗಲೂ ಅನ್ಯಾಯವಾಗಿ ಕಾಣುತ್ತದೆ.

ಒಂದು ಸಣ್ಣ ಸರ್ವಿಸ್ ಅಂಗಡಿಯ ಲೆಕ್ಕವನ್ನು ಬಿಡಿಸಿ ನೋಡಬಹುದು. ಇಲ್ಲಿ ಬರುವ ಅಂಕಿಗಳನ್ನು ಉದಾಹರಣೆಗೆಂದು ಇಟ್ಟುಕೊಳ್ಳಲಾಗಿದೆ. ಊರು, ಕಂಪನಿ, ವರ್ಷ ಬದಲಾದಂತೆ ಅವು ಬದಲಾಗುತ್ತವೆ, ಲೆಕ್ಕ ಹಾಕುವ ದಾರಿ ಬದಲಾಗುವುದಿಲ್ಲ.

ಮೊದಲು ಭೇಟಿಯ ಖರ್ಚು. ಟೆಕ್ನಿಷಿಯನ್‌ಗೆ ಸಂಬಳ, ಪಿಎಫ್, ಇಎಸ್ಐ, ಬೋನಸ್ ಎಲ್ಲ ಸೇರಿ ತಿಂಗಳಿಗೆ 24,000 ರೂಪಾಯಿ ಎಂದುಕೊಳ್ಳೋಣ. ಪೆಟ್ರೋಲ್, ಬೈಕಿನ ಟೈರು, ಸರ್ವಿಸ್ ಎಲ್ಲಕ್ಕೆ 5,000. ಫೋನ್, ಸ್ಪ್ಯಾನರ್, ಚೀಲ ಇತ್ಯಾದಿಗೆ ಸಾವಿರ. ಒಟ್ಟು 30,000. ತಿಂಗಳಿಗೆ 25 ದಿನ ಕೆಲಸವೆಂದರೆ ಅವನು ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡಿದ ಕೂಡಲೇ ಆ ದಿನದ 1,200 ರೂಪಾಯಿ ಖರ್ಚಾದಂತೆ. ಮುಂದಿನದೆಲ್ಲ ಅವನು ಸಂಜೆಯೊಳಗೆ ಎಷ್ಟು ಮನೆ ಮುಗಿಸುತ್ತಾನೆ ಎಂಬುದರ ಮೇಲೆ.

ಬೆಂಗಳೂರಿನಂಥ ಊರಿನಲ್ಲಿ ಅವನು ಆರು ಮನೆಯ ಪಟ್ಟಿ ಹಿಡಿದು ಹೊರಡುತ್ತಾನೆ. ಒಂದು ಮನೆಗೆ ಬೀಗ. ಫೋನ್ ಮಾಡಿದರೆ "ಅಯ್ಯೋ, ಇವತ್ತು ಬರ್ತೀರಾ ಅಂದ್ಕೊಂಡಿರ್ಲಿಲ್ಲ, ನಾಳೆ ಬನ್ನಿ" ಎಂಬ ಉತ್ತರ. ಉಳಿದದ್ದು ಐದು. 1,200ನ್ನು ಐದರಿಂದ ಭಾಗಿಸಿದರೆ ಭೇಟಿಗೆ 240. ಫೋನ್ ಎತ್ತುವವರ ಸಂಬಳ, ಅಂಗಡಿ ಬಾಡಿಗೆ ಎಂದು ಪ್ರತಿ ಭೇಟಿಯ ಮೇಲೆ ಇನ್ನೊಂದು 60 ಸೇರಿಸಿದರೆ 300. ಟೆಕ್ನಿಷಿಯನ್ ಮನೆಯೊಳಗೆ ಕಾಲಿಟ್ಟು ಹತ್ತು ನಿಮಿಷದಲ್ಲಿ ಪ್ಲಗ್ ಸರಿಮಾಡಿ ಹೊರಬಂದರೂ, ಒಂದೂವರೆ ಗಂಟೆ ಕೂತು ಪಂಪ್ ಬಿಚ್ಚಿದರೂ ಅಂಗಡಿಯ ಪಾಲಿಗೆ ಅದು ಹತ್ತಿರ ಹತ್ತಿರ 300ರ ಭೇಟಿಯೇ. ಸಮಯ ಹೋಗುವುದು ಹೆಚ್ಚಾಗಿ ರಸ್ತೆಯಲ್ಲಿ, ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿ ಪುಸ್ತಕದಲ್ಲಿ ಮತ್ತು ಲಿಫ್ಟಿಗೆ ಕಾಯುವುದರಲ್ಲಿ.

ಇದೇ ಮನುಷ್ಯನಿಗೆ ಒಂದೇ ಅಪಾರ್ಟ್‌ಮೆಂಟಿನಲ್ಲಿ ಹತ್ತು ಮನೆ ಸಿಕ್ಕರೆ ಭೇಟಿಯ ಖರ್ಚು 180ಕ್ಕೆ ಇಳಿಯುತ್ತದೆ. ಊರಾಚೆಯ ಬಡಾವಣೆಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆಯೆಂದು ದಿನಕ್ಕೆ ಮೂರೇ ಆದರೆ 460ಕ್ಕೆ ಏರುತ್ತದೆ. ಯಂತ್ರ ಅದೇ, ಕೆಲಸ ಅದೇ, ಮನುಷ್ಯನೂ ಅವನೇ. ವಸತಿ ಸಂಕೀರ್ಣಗಳಲ್ಲಿ ಕಂಪನಿಗಳು ಟೇಬಲ್ ಹಾಕಿಕೊಂಡು "ಇಪ್ಪತ್ತು ಮನೆಯವರು ಸೇರಿದರೆ ರಿಯಾಯಿತಿ" ಎನ್ನುವುದು ಇದಕ್ಕೇ. ಆ ರಿಯಾಯಿತಿ ದಾಕ್ಷಿಣ್ಯದ್ದಲ್ಲ. ಇಪ್ಪತ್ತು ಮನೆ ಒಟ್ಟಿಗೆ ಸಿಕ್ಕರೆ ಪೆಟ್ರೋಲೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

ಇನ್ನು ಯಂತ್ರ ಎಷ್ಟು ಸಲ ಕೆಡುತ್ತದೆ ಎಂಬುದು. ಇದಕ್ಕೆ ಕಂಪನಿಯ ಕೈಪಿಡಿಯಲ್ಲಿ ಉತ್ತರವಿಲ್ಲ, ಅಂಗಡಿಯ ಕಂಪ್ಲೇಂಟ್ ಪುಸ್ತಕದಲ್ಲಿದೆ. ಕಾವೇರಿ ನೀರು ಬರುವ ಬಡಾವಣೆಯ ನೂರು ಯಂತ್ರಗಳಿಂದ ಕಳೆದ ವರ್ಷ 140 ದೂರು ಬಂದಿದ್ದವು ಎನ್ನೋಣ. ಅಂದರೆ ಯಂತ್ರಕ್ಕೆ 1.4. ಇವುಗಳಲ್ಲಿ ಇಪ್ಪತ್ತಕ್ಕೆ ಟೆಕ್ನಿಷಿಯನ್ ಎರಡನೇ ಸಲ ಹೋಗಬೇಕಾಯಿತು, ಬೇಕಾದ ಭಾಗ ಚೀಲದಲ್ಲಿ ಇರಲಿಲ್ಲ ಅಥವಾ ಮೊದಲ ಸಲ ರೋಗ ಸರಿಯಾಗಿ ಸಿಗಲಿಲ್ಲ. ಒಟ್ಟು 160 ಓಡಾಟ. ಇದರ ಮೇಲೆ ಒಪ್ಪಂದದಲ್ಲಿ ಬರೆದ, ನಾಲ್ಕು ತಿಂಗಳಿಗೊಮ್ಮೆಯ ಮೂರು ಸರ್ವಿಸ್. ಯಂತ್ರಕ್ಕೆ ವರ್ಷಕ್ಕೆ 4.6 ಭೇಟಿ, ಭೇಟಿಗೆ 300ರಂತೆ 1,380 ರೂಪಾಯಿ. ಒಂದು ಸ್ಕ್ರೂ ಕೂಡ ಬದಲಿಸುವ ಮೊದಲೇ ಆದ ಖರ್ಚು ಇದು.

ಬಿಡಿಭಾಗಗಳು ಇದರ ಮೇಲೆ. ಮಣ್ಣು ತಡೆಯುವ ಸೆಡಿಮೆಂಟ್ ಫಿಲ್ಟರ್ ಮತ್ತು ಕ್ಲೋರಿನ್ ಹೀರುವ ಕಾರ್ಬನ್ ಫಿಲ್ಟರ್ ವರ್ಷಕ್ಕೊಮ್ಮೆ, ಅಂಗಡಿಯವನ ಖರೀದಿ ದರದಲ್ಲಿ 350. ಮೆಂಬ್ರೇನ್ ಎರಡು ವರ್ಷಕ್ಕೊಮ್ಮೆ ಹೋಗುತ್ತದೆ, ಖರೀದಿ 900, ವರ್ಷದ ಪಾಲು 450. ಆಕಸ್ಮಿಕವಾಗಿ ಕೆಡುವ ಭಾಗಗಳಿಗೆ ಮತ್ತೆ ಪುಸ್ತಕವನ್ನೇ ನೋಡಬೇಕು. ನೂರು ಯಂತ್ರಗಳಲ್ಲಿ ಒಂದು ವರ್ಷದಲ್ಲಿ ಹನ್ನೆರಡರ ಪಂಪ್ ಹೋಯಿತು, ಹತ್ತರ ಅಡಾಪ್ಟರ್ ಸುಟ್ಟಿತು, ಹದಿನೈದರ ಸೊಲೆನಾಯ್ಡ್ ವಾಲ್ವ್ ಸಿಕ್ಕಿಹಾಕಿಕೊಂಡಿತು, ನಲವತ್ತೈದರಲ್ಲಿ ನಲ್ಲಿ, ಪೈಪು, ಕನೆಕ್ಟರ್‌ನಂಥ ಸಣ್ಣಪುಟ್ಟದ್ದು. ಎಲ್ಲದರ ಬೆಲೆ ಕೂಡಿಸಿ ನೂರಕ್ಕೆ ಹಂಚಿದರೆ ಯಂತ್ರಕ್ಕೆ 210. ಪಂಪ್ ಒಂದಕ್ಕೇ 900 ಆದರೂ ಅದು ನೂರರಲ್ಲಿ ಹನ್ನೆರಡು ಮನೆಯಲ್ಲಿ ಮಾತ್ರ ಹೋಗುವುದರಿಂದ ಪ್ರತಿ ಮನೆಯ ಪಾಲಿಗೆ ಬರುವುದು 108 ರೂಪಾಯಿ.

ಕೂಡಿಸಿದರೆ 1,380ಕ್ಕೆ 350, 450, 210 ಸೇರಿ 2,390. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಓಡಾಟದ್ದು. ಲಾಭಕ್ಕೂ ಕೆಟ್ಟ ವರ್ಷದ ಭಯಕ್ಕೂ ಸೇರಿ ಶೇಕಡ 25 ಹಾಕಿದರೆ ಸುಮಾರು 2,990. ಶೇಕಡ 18 ಜಿಎಸ್‌ಟಿ ಸೇರಿದರೆ 3,530ರ ಆಸುಪಾಸು. ಫೋನಿನಲ್ಲಿ ಹೇಳಿದ 4,400ಕ್ಕೂ ಇದಕ್ಕೂ ಸುಮಾರು 870 ರೂಪಾಯಿ ಅಂತರವಿದೆ. ಆ ಅಂತರಕ್ಕೆ ಕಾರಣ ಇನ್ನೊಂದು ಬಡಾವಣೆಯಲ್ಲಿದೆ.

ಅಲ್ಲಿಗೆ ಕಾವೇರಿ ಬಂದಿಲ್ಲ. ಸಂಪಿಗೆ ಬೀಳುವುದು ಬೋರ್‌ವೆಲ್ ನೀರು, ಅದು ಬತ್ತಿದಾಗ ಟ್ಯಾಂಕರ್. ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶವನ್ನು ಟಿಡಿಎಸ್ ಎನ್ನುತ್ತಾರೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಒಪ್ಪಬಹುದು. ಕಾವೇರಿ ನೀರು ಈ 500ಕ್ಕಿಂತ ಬಹಳ ಕೆಳಗೆ ನಿಲ್ಲುತ್ತದೆ. ಆಳದ ಬೋರ್‌ವೆಲ್ ನೀರು ಸಾವಿರ ದಾಟುವುದು ಅಪರೂಪವಲ್ಲ. ಆರ್‌ಒ ಯಂತ್ರ ಪಂಪಿನ ಒತ್ತಡದಲ್ಲಿ ನೀರನ್ನು ಮೆಂಬ್ರೇನಿನ ಮೂಲಕ ತಳ್ಳಿದಾಗ ಸಿಹಿನೀರು ಆಚೆ ಹೋಗುತ್ತದೆ, ಲವಣ ಈಚೆ ಉಳಿದ ನೀರಿನಲ್ಲಿ ಸಾಂದ್ರವಾಗುತ್ತದೆ. ಗಡಸು ನೀರಾದರೆ ಅದರ ಕ್ಯಾಲ್ಸಿಯಂ ಮೆಂಬ್ರೇನಿನ ಮೇಲೆ ಪದರ ಕಟ್ಟುತ್ತದೆ. ಸ್ನಾನದ ಮನೆಯ ನಲ್ಲಿಯ ಬಾಯಲ್ಲಿ ಕೂರುವ ಬಿಳಿಯ ಕರೆಯೂ ಇದೇ ವಸ್ತು. ಪದರ ದಪ್ಪವಾದಷ್ಟೂ ನೀರು ಸಣ್ಣಗೆ ಬರುತ್ತದೆ, ಟ್ಯಾಂಕ್ ತುಂಬಲು ತಾಸುಗಟ್ಟಲೆ ಹಿಡಿಯುತ್ತದೆ, ಪಂಪ್ ಬಿಡುವಿಲ್ಲದೆ ಓಡಿ ಬಿಸಿಯಾಗುತ್ತದೆ. ಮೆಂಬ್ರೇನ್ ಹಾಳಾಗುವುದರ ಜೊತೆಗೆ ಪಂಪಿನ ಆಯುಷ್ಯವೂ ಕರಗುತ್ತದೆ. ಒಂದು ದೂರು ಇನ್ನೊಂದನ್ನು ಕರೆತರುವುದು ಹೀಗೆ.

ಈ ಬಡಾವಣೆಯ ನೂರು ಯಂತ್ರಗಳ ಪುಸ್ತಕ ಬೇರೆಯೇ ಕತೆ ಹೇಳುತ್ತದೆ. ಯಂತ್ರಕ್ಕೆ ವರ್ಷಕ್ಕೆ 2.2 ದೂರು, ಮರುಭೇಟಿ ಸೇರಿ 2.5 ಓಡಾಟ, ಮೂರು ಸರ್ವಿಸ್ ಸೇರಿದರೆ 5.5 ಭೇಟಿ, ಅಂದರೆ 1,650 ರೂಪಾಯಿ. ಫಿಲ್ಟರ್ ವರ್ಷಕ್ಕೆ ಎರಡು ಸಲ, 700. ಮೆಂಬ್ರೇನ್ ವರ್ಷಕ್ಕೊಂದು, 900. ಇತರ ಭಾಗಗಳು 320. ಒಟ್ಟು 3,570. ಅದೇ ಯಂತ್ರ, ಅದೇ ಅಂಗಡಿ, ಮನೆಗೆ 1,180 ರೂಪಾಯಿ ಹೆಚ್ಚು ಖರ್ಚು. ಲಾಭ, ತೆರಿಗೆ ಸೇರಿಸಿದರೆ ಇಲ್ಲಿನ ನಿಜವಾದ ದರ 5,260ರ ಆಸುಪಾಸು.

ಆದರೆ ದರಪಟ್ಟಿಯಲ್ಲಿ ಎರಡು ಬಡಾವಣೆ ಇರುವುದಿಲ್ಲ, ಯಂತ್ರದ ಮಾಡೆಲ್ ಮಾತ್ರ ಇರುತ್ತದೆ. ಗ್ರಾಹಕರು ಅರ್ಧಕ್ಕರ್ಧ ಎಂದುಕೊಂಡು ಎರಡೂ ಖರ್ಚುಗಳ ಸರಾಸರಿ ತೆಗೆದರೆ 2,980. ಅದಕ್ಕೆ ಕಾಲುಭಾಗ ಸೇರಿಸಿ, ಜಿಎಸ್‌ಟಿ ಹಾಕಿದರೆ 4,396. ಫೋನಿನಲ್ಲಿ ಕೇಳಿಬಂದ ಸಂಖ್ಯೆ ಇದೇ. ಕಾವೇರಿ ನೀರಿನ ಮನೆ ತನ್ನ ಪಾಲಿನ 3,530ರ ಬದಲು 4,400 ಕೊಟ್ಟು, ಬೋರ್‌ವೆಲ್ ಮನೆಯ ಮೆಂಬ್ರೇನಿಗೆ ತಾನೇ ಸ್ವಲ್ಪ ದುಡ್ಡು ಹಾಕಿದಂತಾಯಿತು.

ಇದು ಬಹಳ ದಿನ ನಡೆಯುವುದಿಲ್ಲ. ಕಾವೇರಿ ನೀರಿನ ಮನೆಯವರು ಎಎಂಸಿ ಇಲ್ಲದೆ, ಕೆಟ್ಟಾಗ ಮಾತ್ರ ಕರೆದು ದುಡ್ಡು ಕೊಟ್ಟರೆ ಏನಾಗುತ್ತದೆ ನೋಡೋಣ. ಭೇಟಿಗೆ 400ರಂತೆ, ಎರಡು ಸಲ ಸರ್ವಿಸಿಗೆ ಕರೆಸಿ 800, ಸರಾಸರಿ 1.4 ದೂರಿಗೆ 560. ಫಿಲ್ಟರ್ ಚಿಲ್ಲರೆ ದರದಲ್ಲಿ 600, ಸಣ್ಣ ಭಾಗಗಳಿಗೆ 400, 1,600ರ ಮೆಂಬ್ರೇನಿನ ಅರ್ಧ ಪಾಲು 800. ಒಟ್ಟು 3,160. ಒಪ್ಪಂದಕ್ಕಿಂತ ಸಾವಿರದ ಇನ್ನೂರು ಕಡಿಮೆ. ಬೋರ್‌ವೆಲ್ ಮನೆಗೆ ಇದೇ ಲೆಕ್ಕ 5,080ಕ್ಕೆ ಮುಟ್ಟುತ್ತದೆ, ಅವರಿಗೆ 4,400ರ ಎಎಂಸಿ ಲಾಭ. ಯಾರೂ ಕಾಗದ ಪೆನ್ನು ಹಿಡಿದು ಈ ಲೆಕ್ಕ ಹಾಕುವುದಿಲ್ಲ, ಆದರೆ ಎರಡು ವರ್ಷ ಕಳೆದ ಮೇಲೆ ಮನೆಯವರಿಗೆ ಅಂದಾಜು ಹತ್ತಿರುತ್ತದೆ. "ಹೋದ ವರ್ಷ ಒಂದೇ ಸಲ ಬಂದ, ದುಡ್ಡು ದಂಡ" ಎಂದವರು ನವೀಕರಿಸುವುದಿಲ್ಲ. "ಐದು ಸಲ ಬಂದ, ಎಎಂಸಿ ಇದ್ದದ್ದಕ್ಕೆ ಬಚಾವ್" ಎಂದವರು ತಪ್ಪದೆ ನವೀಕರಿಸುತ್ತಾರೆ. ಮುಂದಿನ ವರ್ಷ ಅಂಗಡಿಯ ಪುಸ್ತಕದಲ್ಲಿ ಉಳಿಯುವುದು ಕಾಲುಭಾಗ ಕಾವೇರಿ, ಮುಕ್ಕಾಲು ಬೋರ್‌ವೆಲ್. ಸರಾಸರಿ ಖರ್ಚು 2,980ರಿಂದ 3,275ಕ್ಕೆ ಜಿಗಿಯುತ್ತದೆ. ಅಂಗಡಿಯವ ದರ ಏರಿಸುತ್ತಾನೆ, ಉಳಿದ ಕಾವೇರಿ ಮನೆಗಳೂ ಜಾರುತ್ತವೆ. ಒಳ್ಳೆಯ ಗ್ರಾಹಕರು ಹೊರಟು ದುಬಾರಿ ಗ್ರಾಹಕರು ಉಳಿಯುವ ಈ ಚಕ್ರವನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆಯ ಉದಾಹರಣೆಯಿಂದ ವಿವರಿಸಿದ್ದರು. 2001ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು.

ಮದ್ದು ತೀರಾ ಸರಳ. ನೂರಿನ್ನೂರು ರೂಪಾಯಿಗೆ ಸಿಗುವ, ಪೆನ್ನಿನಂತೆ ಜೇಬಿನಲ್ಲಿ ಕೂರುವ ಟಿಡಿಎಸ್ ಮೀಟರನ್ನು ಒಪ್ಪಂದಕ್ಕೆ ಮೊದಲು ಮನೆಯ ನಲ್ಲಿ ನೀರಿನಲ್ಲಿ ಅದ್ದಿ, ಬಂದ ಸಂಖ್ಯೆಗೆ ತಕ್ಕಂತೆ ದರ ಹೇಳಿದರೆ ಸಾಕು. ಕೆಲವರು ಹೀಗೆ ಮಾಡುತ್ತಾರೆ. ಬಹುತೇಕರು ಮಾಡುವುದಿಲ್ಲ, ಏಕೆಂದರೆ ಒಂದೇ ದರವನ್ನು ಫೋನಿನಲ್ಲಿ ಮಾರುವುದು ಸುಲಭ, ಮೀಟರ್ ಅದ್ದಲು ಮತ್ತೊಂದು ಭೇಟಿ ಬೇಕು. ಅದಕ್ಕೂ ಮುನ್ನೂರು ರೂಪಾಯಿ!

ಮೀಟರ್ ಅದ್ದಿ ದರ ಕಟ್ಟಿದರೂ ನೀರು ವರ್ಷವಿಡೀ ಒಂದೇ ಥರ ಇರುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಬೋರ್‌ವೆಲ್‌ಗಳು ಬತ್ತಿ, ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್ ಮುಂದೆ ಸಾಲುಗಟ್ಟಿದ್ದು ನೆನಪಿರಬಹುದು. ಅಂಥ ವರ್ಷದಲ್ಲಿ ಒಂದೇ ಸಂಪಿಗೆ ಇವತ್ತೊಂದು ಊರಿನ ನೀರು, ನಾಳೆ ಇನ್ನೊಂದು ಊರಿನ ನೀರು ಬೀಳುತ್ತದೆ. ಜನವರಿಯಲ್ಲಿ ಹಾಕಿದ ಲೆಕ್ಕ ಏಪ್ರಿಲ್‌ನಲ್ಲಿ ತಲೆಕೆಳಗಾಗುತ್ತದೆ.

ದರದಲ್ಲಿ ಸೇರಿಸಿದ ಆ ಕಾಲುಭಾಗದಲ್ಲಿ ಕೆಟ್ಟ ವರ್ಷದ ಭಯಕ್ಕೂ ಪಾಲಿದೆ ಎಂದೆವಲ್ಲ, ಅದನ್ನು ಸ್ವಲ್ಪ ಬಿಡಿಸಬೇಕು. ಸರಾಸರಿ 1.4 ದೂರು ಎಂದರೆ ಪ್ರತಿ ಮನೆಯಲ್ಲೂ ಒಂದೂವರೆ ಸಲ ಕೆಡುತ್ತದೆ ಎಂದಲ್ಲ. ಎಲ್ಲ ಯಂತ್ರಗಳೂ ಒಂದೇ ಥರದವು, ಕೆಡುವುದು ಬರೀ ಆಕಸ್ಮಿಕ ಎಂದುಕೊಂಡರೆ ಫ್ರೆಂಚ್ ಗಣಿತಜ್ಞ ಪ್ವಾಸೋನ್ ಹೆಸರಿನ ಸೂತ್ರ ಈ ಹಂಚಿಕೆಯನ್ನು ಹೇಳುತ್ತದೆ. ನೂರು ಮನೆಗಳಲ್ಲಿ ಸುಮಾರು ಇಪ್ಪತ್ತೈದು ಮನೆ ವರ್ಷವಿಡೀ ಒಂದೂ ದೂರು ಕೊಡುವುದಿಲ್ಲ. ಮೂವತ್ತೈದು ಮನೆ ಒಂದು ಸಲ, ಇಪ್ಪತ್ತನಾಲ್ಕು ಎರಡು ಸಲ, ಹನ್ನೊಂದು ಮೂರು ಸಲ, ಐದು ಮನೆ ನಾಲ್ಕು ಅಥವಾ ಹೆಚ್ಚು ಸಲ ಫೋನ್ ಮಾಡುತ್ತವೆ. ಆ ಐದು ಮನೆಯವರು "ಇದೆಂಥ ದರಿದ್ರ ಮೆಷಿನ್" ಎಂದು ಬೈಯುತ್ತಾರೆ, ಇಪ್ಪತ್ತೈದು ಮನೆಯವರು ಎಎಂಸಿ ದಂಡ ಎನ್ನುತ್ತಾರೆ. ಯಂತ್ರ ಮಾತ್ರ ಎರಡೂ ಕಡೆ ಒಂದೇ.

ನೂರು ಒಪ್ಪಂದ ಇರುವ ಹೊಸ ಅಂಗಡಿಗೆ 140 ದೂರಿನ ಅಂದಾಜು ಒಂದು ವರ್ಷ 116 ಆಗಬಹುದು, ಇನ್ನೊಂದು ವರ್ಷ 164 ಆಗಬಹುದು. ಅಂದರೆ ಶೇಕಡ 17ರಷ್ಟು ಆಚೀಚೆ. ಎರಡು ಸಾವಿರ ಒಪ್ಪಂದ ಇರುವ ಕಂಪನಿಗೆ ಅಂದಾಜು 2,800, ಆಚೀಚೆ ಆಗುವುದು ಶೇಕಡ ನಾಲ್ಕಕ್ಕಿಂತ ಕಡಿಮೆ. ಸಂಖ್ಯೆ ದೊಡ್ಡದಾದಷ್ಟೂ ಒಬ್ಬರ ಕೆಟ್ಟ ಅದೃಷ್ಟವನ್ನು ಇನ್ನೊಬ್ಬರ ಒಳ್ಳೆಯದು ಸರಿದೂಗಿಸುತ್ತದೆ. ಆದ್ದರಿಂದ ದೊಡ್ಡ ಕಂಪನಿ ತೆಳುವಾದ ಅಂತರ ಇಟ್ಟುಕೊಂಡೂ ಬದುಕಬಲ್ಲದು. ಸಣ್ಣವ ಹೆಚ್ಚು ಇಟ್ಟುಕೊಳ್ಳಬೇಕು, ಅದೇ ಹೊತ್ತಿಗೆ ಗ್ರಾಹಕ ಬೇಕೆಂದು ಕಡಿಮೆಗೂ ಮಾರಬೇಕು. ಸಣ್ಣ ಅಂಗಡಿಗಳು ಮುಳುಗುವುದು ಬಹುಪಾಲು ಈ ಇಕ್ಕಟ್ಟಿನಲ್ಲಿಯೇ. ಏಪ್ರಿಲ್‌ನಲ್ಲಿ ಇನ್ನೂರು ಮನೆಯಿಂದ ಮುಂಗಡ ಬಂದು ಖಾತೆ ತುಂಬಿದಾಗ ಅದೆಲ್ಲ ಗಳಿಕೆಯಂತೆ ಕಾಣುತ್ತದೆ. ನಿಜಕ್ಕೆ ಅದು ಮುಂದಿನ ಹನ್ನೆರಡು ತಿಂಗಳು ಮಾಡಿಕೊಡಬೇಕಾದ ಕೆಲಸದ ಸಾಲ, ತಿಂಗಳಿಗೆ ಹನ್ನೆರಡನೇ ಒಂದು ಭಾಗ ಮಾತ್ರ ದುಡಿದ ದುಡ್ಡು. ಅದನ್ನು ಮುಂಚಿತವಾಗಿ ಅಂಗಡಿ ಅಡ್ವಾನ್ಸಿಗೋ ಹೊಸ ಬೈಕಿಗೋ ಹಾಕಿದವನು ನವೆಂಬರ್ ಹೊತ್ತಿಗೆ ಫೋನ್ ಎತ್ತುವುದನ್ನು ನಿಲ್ಲಿಸುತ್ತಾನೆ.

ಯಂತ್ರದ ವಯಸ್ಸೂ ಲೆಕ್ಕದಲ್ಲಿದೆ. ಹೊಸತರಲ್ಲಿ ತಯಾರಿಕೆಯ ಮತ್ತು ಜೋಡಣೆಯ ದೋಷಗಳು ಕಾಣಿಸಿಕೊಳ್ಳುತ್ತವೆ, ಅದು ವಾರಂಟಿಯಲ್ಲೇ ಕಳೆದುಹೋಗುತ್ತದೆ. ಆಮೇಲೆ ಕೆಲವು ವರ್ಷ ಶಾಂತ. ನಂತರ ಸವೆತ ಶುರುವಾಗಿ ದೂರು ಏರುತ್ತದೆ. ಎರಡನೇ ವರ್ಷದ ಎಎಂಸಿಯನ್ನು ಮಾರಲು ಕಂಪನಿಗಳು ಅಷ್ಟು ಹಾತೊರೆಯುವುದು, ಏಳನೇ ವರ್ಷದ ಯಂತ್ರಕ್ಕೆ "ಮೊದಲು ಇನ್‌ಸ್ಪೆಕ್ಷನ್ ಮಾಡ್ಬೇಕು ಸರ್" ಎಂದು ಎಳೆಯುವುದು ಇದೇ ಕಾರಣಕ್ಕೆ. ಆ ತಪಾಸಣೆ ತಪ್ಪಲ್ಲ. ಪಂಪ್ ಕೆಟ್ಟ ದಿನವೇ ಎಎಂಸಿ ಮಾಡಿಸಲು ಬರುವವರು ಸಾಕಷ್ಟಿದ್ದಾರೆ.

ದರ ಒಮ್ಮೆ ನಿಗದಿಯಾದ ಮೇಲೆ ಅಂಗಡಿಯವನಿಗೆ ಲಾಭ ಹೆಚ್ಚಿಸಿಕೊಳ್ಳಲು ಇರುವ ದಾರಿ ಒಂದೇ, ಓಡಾಟ ಕಡಿಮೆ ಮಾಡುವುದು. ಅದನ್ನು ಒಳ್ಳೆಯ ರೀತಿಯಲ್ಲೂ ಮಾಡಬಹುದು, ಕೆಟ್ಟ ರೀತಿಯಲ್ಲೂ ಮಾಡಬಹುದು.

ಒಳ್ಳೆಯದು ಫೋನಿನಲ್ಲೇ ಶುರುವಾಗುತ್ತದೆ. "ನೀರು ಬರ್ತಿಲ್ಲ" ಎಂದು ಕರೆ ಬಂದರೆ, ಫೋನ್ ಎತ್ತುವವರು ಕೆಲಸ ಬಲ್ಲವರಾದರೆ ನಾಲ್ಕು ಪ್ರಶ್ನೆ ಕೇಳುತ್ತಾರೆ. ಲೈಟ್ ಉರಿಯುತ್ತಿದೆಯೇ? ಪಂಪಿನ ಸದ್ದು ಬರುತ್ತಿದೆಯೇ? ವೇಸ್ಟ್ ಪೈಪಿನಲ್ಲಿ ನೀರು ಹೋಗುತ್ತಿದೆಯೇ? ಯಂತ್ರಕ್ಕೆ ನೀರು ಕೊಡುವ ವಾಲ್ವ್ ತೆರೆದಿದೆಯೇ? ಲೈಟೇ ಇಲ್ಲವೆಂದರೆ ಪ್ಲಗ್ಗೋ ಅಡಾಪ್ಟರೋ. ಸದ್ದಿದೆ, ವೇಸ್ಟ್ ನೀರೂ ಹೋಗುತ್ತಿದೆ, ಒಳ್ಳೆ ನೀರು ಮಾತ್ರ ಬರುತ್ತಿಲ್ಲವೆಂದರೆ ಅನುಮಾನ ಮೆಂಬ್ರೇನಿನ ಮೇಲೆ. ಎರಡೂ ಕಡೆ ನೀರಿಲ್ಲವೆಂದರೆ ಹೊರಗಿನ ಪ್ರೀ-ಫಿಲ್ಟರ್ ಕಟ್ಟಿರಬಹುದು, ಸೊಲೆನಾಯ್ಡ್ ತೆರೆಯದಿರಬಹುದು. ಕೆಲಸದವಳು ಸಿಂಕಿನ ಕೆಳಗಿನ ವಾಲ್ವ್ ತಿರುಗಿಸಿಬಿಟ್ಟದ್ದು ಗೊತ್ತಾದರೆ ಒಂದು ಭೇಟಿಯೇ ಉಳಿಯಿತು. ಉಳಿಯದಿದ್ದರೂ ಯಾವ ಭಾಗ ಚೀಲದಲ್ಲಿರಬೇಕೆಂದು ತಿಳಿಯಿತು, ಎರಡನೇ ಸಲದ ಓಡಾಟ ತಪ್ಪಿತು. ಮೇಲಿನ ನೂರು ಯಂತ್ರಗಳ ಲೆಕ್ಕದಲ್ಲಿ ಆ ಇಪ್ಪತ್ತು ಮರುಭೇಟಿಗಳನ್ನು ಅಳಿಸಿದರೆ ವರ್ಷಕ್ಕೆ ಆರು ಸಾವಿರ ರೂಪಾಯಿ ಉಳಿಯುತ್ತದೆ. ಎರಡು ಅಡಾಪ್ಟರ್, ಎರಡು ಸೊಲೆನಾಯ್ಡ್, ಒಂದಿಷ್ಟು ಕನೆಕ್ಟರ್ ಸದಾ ಚೀಲದಲ್ಲಿಡಲು ಬೀಳುವ ಬಂಡವಾಳ ಅದರ ಮುಂದೆ ಏನೂ ಅಲ್ಲ.

ಕೆಟ್ಟ ರೀತಿಯನ್ನು ಹೆಚ್ಚಿನ ಗ್ರಾಹಕರು ಕಂಡಿರುತ್ತಾರೆ, ಹೀಗೆಂದು ಗುರುತಿಸಿರುವುದಿಲ್ಲ. ದೂರಿಗೆ ಬಂದ ಹುಡುಗ ಕೆಲಸ ಮುಗಿಸಿ, "ಹಾಗೇ ಸರ್ವಿಸ್ ಕೂಡ ಮಾಡ್ಬಿಟ್ಟೆ ಮೇಡಂ, ಒಂದು ಓಟಿಪಿ ಹೇಳಿ" ಎನ್ನುತ್ತಾನೆ. ಓಟಿಪಿ ಕೊಟ್ಟರೆ ಒಪ್ಪಂದದ ಮೂರು ಸರ್ವಿಸ್‌ಗಳಲ್ಲಿ ಒಂದು ಮುಗಿಯಿತು, ಅಂಗಡಿಗೆ 300 ಉಳಿಯಿತು. ನಿಜವಾಗಿ ಫಿಲ್ಟರ್ ಬಿಚ್ಚಿ ತೊಳೆದು, ಟಿಡಿಎಸ್ ನೋಡಿದ್ದರೆ ಇದರಲ್ಲಿ ತಪ್ಪಿಲ್ಲ, ಎರಡು ಕೆಲಸ ಒಂದೇ ಓಡಾಟದಲ್ಲಿ ಆಯಿತು. ಏನೂ ಮಾಡದೆ ಓಟಿಪಿ ಪಡೆದರೆ ಅದು ಕಳ್ಳಲೆಕ್ಕ. ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ: ಹೊರಗಿನ ಪ್ರೀ-ಫಿಲ್ಟರ್ ಬಟ್ಟಲು ಬಿಚ್ಚದೆ, ಒಳಗೆ ಬರುವ ಮತ್ತು ಹೊರಗೆ ಹೋಗುವ ನೀರಿನ ಟಿಡಿಎಸ್ ಎರಡನ್ನೂ ಅಳೆಯದೆ ಆದದ್ದು ಸರ್ವಿಸ್ ಅಲ್ಲ. ಸುಸ್ಥಿತಿಯ ಮೆಂಬ್ರೇನ್ ಲವಣದ ಶೇಕಡ ತೊಂಬತ್ತಕ್ಕೂ ಹೆಚ್ಚನ್ನು ತಡೆಯುತ್ತದೆ. ಸಾವಿರದ ನೀರು ಒಳಗೆ ಹೋಗಿ ನೂರರೊಳಗೆ ಹೊರಬರುತ್ತಿದ್ದದ್ದು ಇನ್ನೂರು, ಮುನ್ನೂರಕ್ಕೆ ಏರಿದರೆ ಮೆಂಬ್ರೇನ್ ಸೋತಿದೆ ಎಂದೇ ಅರ್ಥ. ಕೆಲವು ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಮೂಲ ನೀರನ್ನು ಬೆರೆಸುವ ವಾಲ್ವ್ ಇರುತ್ತದೆ, ಅಂಥ ಕಡೆ ಈ ಅಳತೆ ತೆಗೆಯುವ ಮೊದಲು ಅದನ್ನು ಮುಚ್ಚಬೇಕು. ಮೆಂಬ್ರೇನ್ ಬದಲಿಸುವ ಖರ್ಚು ತಪ್ಪಿಸಲು "ಇನ್ನೂ ಆರು ತಿಂಗಳು ಬರುತ್ತೆ ಸರ್" ಎಂದವನಿಗೂ, ಸುಮ್ಮನೆ ಬದಲಿಸಿ ದುಡ್ಡು ಕೀಳಲು ಬಂದವನಿಗೂ ಈ ಎರಡು ಸಂಖ್ಯೆಗಳೇ ಉತ್ತರ.

ಕೆಲಸಗಾರನಿಗೆ ದುಡ್ಡು ಹೇಗೆ ಸಿಗುತ್ತದೆ ಎಂಬುದೂ ಇದರಲ್ಲಿ ಕೈಯಾಡಿಸುತ್ತದೆ. ಕಂಪನಿ ತನ್ನ ಏಜೆನ್ಸಿಗೆ ಪ್ರತಿ ಭೇಟಿಗೆ ಇಷ್ಟು ಎಂದು ಕೊಟ್ಟರೆ ದೂರುಗಳು ಬೇಗ ಮುಗಿಯುವುದಿಲ್ಲ. ಪ್ರತಿ ಒಪ್ಪಂದಕ್ಕೆ ವರ್ಷಕ್ಕೆ ಇಷ್ಟು ಎಂದು ಕೊಟ್ಟರೆ ಬರುವುದೇ ತಡ. ಸಂಬಳದ ಜೊತೆಗೆ, ಒಂದು ತಿಂಗಳೊಳಗೆ ಅದೇ ಮನೆಯಿಂದ ಮರುದೂರು ಬರದಿದ್ದರೆ ಬಹುಮಾನ ಎನ್ನುವ ಪದ್ಧತಿ ಮೂರರಲ್ಲಿ ವಾಸಿ.

ಹಾಗಾದರೆ ಮನೆಯವರು ಏನು ಮಾಡಬೇಕು? ಮೊದಲಿಗೆ, ಕಾವೇರಿ ನೀರಿಗೆ ಆರ್‌ಒ ಬೇಕೇ ಎಂದೇ ಕೇಳಿಕೊಳ್ಳಬಹುದು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಅಂಥ ನೀರಿಗೆ ಯುವಿ ಯಂತ್ರ ಸಾಕಾಗುವುದಾದರೆ, ಮೆಂಬ್ರೇನೂ ಇಲ್ಲ, ಆ ಪಂಪೂ ಇಲ್ಲ. ಕೆಡಲು ಭಾಗಗಳೇ ಕಡಿಮೆ ಆದ್ದರಿಂದ ಎಎಂಸಿಯೂ ಅಗ್ಗ. ಆರ್‌ಒ ಬೇಕೇ ಬೇಕೆನ್ನುವ ಗಡಸು ನೀರಿನ ಮನೆಯವರು ಮೆಂಬ್ರೇನ್ ಸೇರಿದ ಪೂರ್ಣ ಒಪ್ಪಂದವನ್ನೇ ತೆಗೆದುಕೊಳ್ಳುವುದು ವಾಸಿ. ಬರೀ ಸರ್ವಿಸ್‌ನ ಎಎಂಸಿ ನೋಡಲು ಅಗ್ಗ, ಆದರೆ ಅಂಥ ಮನೆಯ ದೊಡ್ಡ ಖರ್ಚನ್ನೇ ಅದು ಹೊರಗಿಟ್ಟಿರುತ್ತದೆ. ಒಪ್ಪಂದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ "ಟಿಡಿಎಸ್ ಇಷ್ಟನ್ನು ಮೀರಿದರೆ ಮೆಂಬ್ರೇನ್ ಸೇರಿಲ್ಲ" ಎಂದಿದೆಯೇ ಎಂದು ಓದಿಕೊಳ್ಳಬೇಕು, ವೋಲ್ಟೇಜ್ ಏರುಪೇರಿನಿಂದ ಸುಟ್ಟ ಅಡಾಪ್ಟರ್ ಸೇರಿದೆಯೇ ಎಂಬುದನ್ನೂ. ಮೃದು ನೀರಿನ ಮನೆಯವರು, ಪಂಪ್ ಮತ್ತು ಮೆಂಬ್ರೇನ್ ಒಂದೇ ವರ್ಷ ಹೋದರೆ ಬೀಳುವ ಮೂರ್ನಾಲ್ಕು ಸಾವಿರವನ್ನು ತಡೆದುಕೊಳ್ಳಬಲ್ಲೆವು ಎನ್ನುವುದಾದರೆ, ಒಪ್ಪಂದವಿಲ್ಲದೆಯೂ ಇರಬಹುದು.

ದುಡ್ಡು ಕಟ್ಟಿಸಿಕೊಂಡು ಬಾರದಿದ್ದರೆ ಅದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವಾ ನ್ಯೂನತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಆದರೆ ಎರಡೂ ಕಡೆ ಕೇಳುವುದು ದಾಖಲೆ. ಹಾಗಾಗಿ ಯಂತ್ರದ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ, ಪ್ರತಿ ಸಲ ಟೆಕ್ನಿಷಿಯನ್ ಬಂದ ದಿನಾಂಕ, ಬಂದ ಕಾರಣ, ಬದಲಿಸಿದ ಭಾಗ, ನೀರಿನ ಎರಡು ಟಿಡಿಎಸ್ ಸಂಖ್ಯೆಗಳನ್ನು ಅವನಿಂದಲೇ ಬರೆಸಿ. ಮುಂದಿನ ವರ್ಷ ದರದ ಫೋನ್ ಬಂದಾಗ ಆ ಚೀಟಿ ನೋಡಿಕೊಂಡು ಮಾತಾಡಿ. ಒಂದೇ ಅಪಾರ್ಟ್‌ಮೆಂಟಿನವರಾದರೆ ನೆರೆಮನೆಗಳ ಚೀಟಿಗಳನ್ನೂ ಸೇರಿಸಿಕೊಂಡು, ಹತ್ತು ಮನೆಗೆ ಒಟ್ಟಿಗೆ ದರ ಕೇಳಿ.